ವಿಮಾನ ಇಳಿದ ಮೇಲೆ ಗಂಟಲೇಕೆ ಕೆರೆಯುತ್ತದೆ?

ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನಡುವೆ ನೇರ ವಿಮಾನ ಮೊದಲು ಹಾರಿದ್ದು 2021ರ ಜನವರಿಯಲ್ಲಿ. ಎಲ್ಲೂ ಇಳಿಯದೆ ಸುಮಾರು 17 ಗಂಟೆಯ ಹಾದಿ ಅದು. ಇಷ್ಟು ದೂರ ಹಾರಿ ಮಗಳ ಬಾಣಂತನಕ್ಕೆ ಹೋದ ಅಮ್ಮಂದಿರು ಇಳಿದ ಕೂಡಲೇ ಊರಿಗೆ ಫೋನ್ ಮಾಡಿದರೆ ದನಿ ಗೊಗ್ಗರಾಗಿರುತ್ತದೆ. “ಗಂಟಲು ಯಾಕೋ ಕೆರೀತಿದೆ ಕಣ್ರೀ, ಪಕ್ಕದಲ್ಲಿ ಕೂತಿದ್ದೋರಿಗೆ ಶೀತ ಇತ್ತು ಅನ್ಸುತ್ತೆ” ಎಂದು ಅಲ್ಲಿಂದ ಹೇಳುತ್ತಾರೆ. ಪಾಪ, ಪಕ್ಕದವರ ಮೇಲಿನ ಈ ದೂರು ಬಹಳ ಸಲ ಸುಳ್ಳು. ಶೀತದ ವೈರಸ್ ಹತ್ತಿದ ಮೇಲೆ ಗಂಟಲಲ್ಲಿ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ವಿಮಾನದಲ್ಲೇ ಶುರುವಾಗಿ ಇಳಿಯುವ ಹೊತ್ತಿಗೆ ಜೋರಾಗುವ ಕೆರೆತಕ್ಕೆ ಹೆಚ್ಚಾಗಿ ಕಾರಣ ಅಲ್ಲಿನ ಗಾಳಿ.

ಆ ಗಾಳಿ ಎಲ್ಲಿಂದ ಬರುತ್ತದೆ ಎಂಬುದರಲ್ಲೇ ಉತ್ತರವಿದೆ. 35,000 ಅಡಿ ಎತ್ತರದಲ್ಲಿ ಹೊರಗಿನ ತಾಪಮಾನ ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಷ್ಟು ತಣ್ಣಗಿನ ಗಾಳಿಯಲ್ಲಿ ನೀರಾವಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಅದನ್ನೇ ಒಳಗೆಳೆದು, ಒತ್ತಿ, ಹದವಾದ ಬಿಸಿಗೆ ತಂದು ಕ್ಯಾಬಿನ್ನಿಗೆ ಬಿಡುತ್ತಾರೆ. ಒಳಗೆ ಸ್ವಲ್ಪವಾದರೂ ತೇವ ಇದ್ದರೆ ಅದು ಪ್ರಯಾಣಿಕರ ಉಸಿರು ಮತ್ತು ಬೆವರಿನ ಕೊಡುಗೆ. ಹಾಗಾಗಿ ಜನ ಕಿಕ್ಕಿರಿದ ಎಕಾನಮಿಗಿಂತ ದುಬಾರಿ ಬಿಸಿನೆಸ್ ಕ್ಲಾಸಿನಲ್ಲೇ ಗಾಳಿ ಹೆಚ್ಚು ಒಣ. ಕಡಿಮೆ ದುಡ್ಡು ಕೊಟ್ಟವರಿಗೆ ಸಿಗುವ ಲಾಭ ಇದೊಂದೇ ಇರಬೇಕು! ದೂರದ ಹಾರಾಟದಲ್ಲಿ ಒಳಗಿನ ತೇವಾಂಶ ಸಾಮಾನ್ಯವಾಗಿ ಶೇಕಡಾ 10ರಿಂದ 20. ಮನೆಯಲ್ಲಿ ನಮಗೆ ಹಿತವೆನಿಸುವುದು 40ರಿಂದ 60. ನೀರು ಚಿಮುಕಿಸಿ ಗಾಳಿಯನ್ನು ತೇವ ಮಾಡಬಹುದಲ್ಲ ಎಂದರೆ, ಅಷ್ಟು ನೀರು ಹೊರುವುದು ಭಾರ. ಆ ತೇವವೆಲ್ಲ ವಿಮಾನದ ತಣ್ಣನೆಯ ಲೋಹದ ಮೈಗೆ ಹನಿಯಾಗಿ ಕೂತರೆ ತುಕ್ಕಿನ ಕಾಟ ಬೇರೆ.

ಇಂಥ ಗಾಳಿಯಲ್ಲಿ ಕೂತವರಿಗೆ ಎಲ್ಲರೂ ಕೊಡುವ ಸಲಹೆ, ಲೀಟರುಗಟ್ಟಲೆ ನೀರು ಕುಡಿಯಿರಿ ಎಂಬುದು. ಇದರಲ್ಲಿ ಅರ್ಧ ಮಾತ್ರ ಸತ್ಯ. ಲೆಕ್ಕ ಹಾಕಿ ನೋಡೋಣ. ಸುಮ್ಮನೆ ಕೂತವರು ನಿಮಿಷಕ್ಕೆ ಸುಮಾರು 8 ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ, ಅಂದರೆ ಗಂಟೆಗೆ 480 ಲೀಟರ್. ಕ್ಯಾಬಿನ್ನಿನ ಗಾಳಿಯ ಒಂದು ಲೀಟರಿನಲ್ಲಿ ಇರುವ ನೀರಾವಿ ಎರಡು ಮೂರು ಮಿಲಿಗ್ರಾಂ, ಮನೆಯ ಗಾಳಿಯಲ್ಲಿ ಹತ್ತರ ಆಸುಪಾಸು. ಈ ಕೊರತೆಯನ್ನು ನಮ್ಮ ಮೈ ತುಂಬಿಕೊಡಬೇಕು. ಗಂಟೆಗೆ ಹೆಚ್ಚೆಂದರೆ 4 ಮಿಲಿಲೀಟರ್ ಹೆಚ್ಚುವರಿ ನೀರು ಉಸಿರಿನೊಂದಿಗೆ ಹೋದಂತಾಯಿತು. 17 ಗಂಟೆಗೆ ಸುಮಾರು 70 ಮಿಲಿ, ಒಂದು ಬೈಟು ಕಾಫಿಯಷ್ಟು. ಚರ್ಮದಿಂದ ಆರಿಹೋಗುವುದನ್ನು ಸೇರಿಸಿದರೂ ಒಂದೆರಡು ಲೋಟ ನೀರಿನಲ್ಲಿ ತುಂಬಿಬರುವ ನಷ್ಟ ಇದು.

ಮೈಯಲ್ಲಿ ನೀರಿದ್ದೂ ಗಂಟಲು ಒಣಗುವುದು ಬಾಯಲ್ಲಿ ಉಸಿರಾಡಿದಾಗ. ಎಳೆದ ಗಾಳಿಯನ್ನು ಬೆಚ್ಚಗೆ ಮಾಡಿ, ನೆನೆಸಿ ಒಳಗೆ ಕಳಿಸುವುದು ಮೂಗಿನ ಕೆಲಸ. ಒಳಗೋಡೆಯ ಮಡಿಕೆಗಳ ತೇವದ ಪೊರೆ ಇದನ್ನು ಮಾಡುತ್ತದೆ. ಉಸಿರು ಹೊರಗೆ ಹೋಗುವಾಗ ಆ ತೇವದಲ್ಲಿ ಒಂದಷ್ಟನ್ನು ಮೂಗು ವಾಪಸು ಹಿಡಿದಿಟ್ಟುಕೊಳ್ಳುತ್ತದೆ ಕೂಡ. ಬಾಯಲ್ಲಿ ಉಸಿರಾಡಿದರೆ ಈ ಎರಡೂ ಕೆಲಸ ತಪ್ಪಿ, ಗಾಳಿ ಒಣಗಿದ್ದಂತೆಯೇ ನೇರವಾಗಿ ಗಂಟಲಿಗೆ ಬಡಿಯುತ್ತದೆ. ವಿಮಾನದಲ್ಲಿ ಬಾಯಿ ತೆರೆಯಲು ಕಾರಣಗಳಿಗೇನೂ ಬರವಿಲ್ಲ. ಒಣಗಾಳಿಗೆ ಮೂಗೇ ಕಟ್ಟಿದಂತಾಗುತ್ತದೆ, ಮದ್ಯ ಕುಡಿದರೆ ಇನ್ನಷ್ಟು. ಕೂತಲ್ಲೇ ನಿದ್ದೆ ಹತ್ತಿದರೆ ದವಡೆ ಜಾರುತ್ತದೆ. ನಿದ್ದೆ ಬರಲಿ ಎಂದು ಕೆಲವರು ನುಂಗುವ ಅಲರ್ಜಿ ಮಾತ್ರೆ ಇರುವ ಎಂಜಲನ್ನೂ ಆರಿಸಿಬಿಡುತ್ತದೆ.

ಆದ್ದರಿಂದ ಜಾಗ್ರತೆ ಮಾಡಬೇಕಾದದ್ದು ಮೊದಲು ಮೂಗನ್ನು. ಮೈಸೂರಿನಿಂದ ಹೊರಟ ಒಬ್ಬ ಅಮ್ಮನನ್ನೇ ನೆನೆಸಿಕೊಳ್ಳಿ. ಅರವತ್ತೈದು ವಯಸ್ಸು, ಬಿಪಿ ಇದೆ, ಧೂಳಿಗೆ ಮೂಗು ಕಟ್ಟುವ ಅಭ್ಯಾಸವಿದೆ. ಮೆಡಿಕಲ್ ಶಾಪಿನಲ್ಲಿ ಅವರು ಕೇಳಬೇಕಾದದ್ದು ಸಲೈನ್ ನೇಸಲ್ ಸ್ಪ್ರೇ, ಅಂದರೆ ಶೇಕಡಾ 0.9 ಉಪ್ಪುನೀರು. ಬರೀ “ಮೂಗಿನ ಡ್ರಾಪ್ಸ್ ಕೊಡಿ” ಎಂದರೆ ಅಂಗಡಿಯವರು ಮೂಗು ಬಿಡಿಸುವ ಔಷಧಿ ಕೊಟ್ಟಾರು. ಡಬ್ಬಿಯ ಮೇಲೆ ಸೋಡಿಯಂ ಕ್ಲೋರೈಡ್ ಎಂದಷ್ಟೇ ಇರಬೇಕು. ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಎಂದಿದ್ದರೆ ಅದು ಬೇರೆ ಮದ್ದು. ಮೂಗನ್ನು ಇನ್ನಷ್ಟು ಒಣಗಿಸಬಹುದು, ಬಿಪಿ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಸಲೈನನ್ನು ವಿಮಾನ ಹತ್ತುವ ಮುಂಚೆ ಒಮ್ಮೆ, ಆಮೇಲೆ ಎರಡು ಮೂರು ಗಂಟೆಗೊಮ್ಮೆ, ಮಲಗುವ ಮುಂಚೆ ತಪ್ಪದೆ, ಹೊಳ್ಳೆಗೆ ಒಂದೆರಡು ಸಲ ಒತ್ತಿಕೊಂಡರೆ ಸಾಕು. ಬಾಟಲಿ ಸಣ್ಣದಿರುವುದರಿಂದ ಕೈಚೀಲದ 100 ಮಿಲಿ ನಿಯಮಕ್ಕೂ ಅಡ್ಡಿಯಿಲ್ಲ.

ಮೂಗಿಗೆ ಕೊಬ್ಬರಿ ಎಣ್ಣೆಯನ್ನೋ ತುಪ್ಪವನ್ನೋ ಬಿಡುವ ರೂಢಿ ಹಲವು ಮನೆಗಳಲ್ಲಿದೆ. ಹೊಳ್ಳೆಯ ಅಂಚಿಗೆ ಬೆರಳ ತುದಿಯಿಂದ ಸವರಿದರೆ ತೊಂದರೆಯಿಲ್ಲ. ಹನಿ ಬಿಟ್ಟುಕೊಂಡು ನಿದ್ದೆ ಹೋಗುವುದು ಮಾತ್ರ ಬೇಡ. ಎಣ್ಣೆ ಗಂಟಲಿನಿಂದ ಶ್ವಾಸಕೋಶಕ್ಕೆ ಇಳಿದು ಉರಿಯೂತ ತಂದೀತು.

ಮಲಗುವ ಹೊತ್ತಿಗೆ ಬೇಕಾದ ಎರಡನೆಯ ವಸ್ತು ಮಾಸ್ಕ್. ಬಿಟ್ಟ ಉಸಿರಿನ ತೇವ ಅದರೊಳಗೆ ನಿಂತು, ಮುಂದಿನ ಉಸಿರಿನಲ್ಲಿ ಮರಳಿ ಒಳಗೆ ಹೋಗುತ್ತದೆ. ಬಾಯಿ ತೆರೆದು ಮಲಗಿದರೂ ಗಂಟಲಿಗೆ ಅಷ್ಟು ರಕ್ಷಣೆ ಸಿಗುತ್ತದೆ. ಒದ್ದೆಯಾದರೆ ಬದಲಿಸಲು ಇನ್ನೊಂದೆರಡು ಜೊತೆಗಿರಲಿ. ಕುತ್ತಿಗೆ ದಿಂಬನ್ನು ಎಲ್ಲರೂ ಹಿಂದಿನಿಂದ ಹಾಕಿಕೊಳ್ಳುತ್ತಾರೆ. ಅದನ್ನು ತಿರುಗಿಸಿ ದಪ್ಪ ಭಾಗ ಗದ್ದದ ಕೆಳಗೆ ಬರುವಂತೆ ಮಾಡಿಕೊಂಡರೆ ದವಡೆ ಜೋಲುವುದಿಲ್ಲ. ತಲೆಯ ಮೇಲಿನ ಗಾಳಿ ನಳಿಕೆ ಮುಖಕ್ಕೆ ನೇರವಾಗಿದ್ದರೆ ಪಕ್ಕಕ್ಕೆ ತಿರುಗಿಸಬೇಕು.

ಇನ್ನು ನೀರಿನ ಮಾತು. ನಮ್ಮ ಅಮ್ಮಂದಿರ ಸಮಸ್ಯೆ ಹೆಚ್ಚು ಕುಡಿಯುವುದಲ್ಲ, ಕುಡಿಯದೇ ಇರುವುದು. ಎದ್ದು ಶೌಚಾಲಯಕ್ಕೆ ಹೋಗಬೇಕಾದೀತು, ಪಕ್ಕದವರನ್ನು ಎಬ್ಬಿಸಬೇಕಾದೀತು ಎಂಬ ಸಂಕೋಚಕ್ಕೆ ಗಂಟೆಗಟ್ಟಲೆ ಬಾಯಿಗೆ ನೀರೇ ಮುಟ್ಟಿಸುವುದಿಲ್ಲ. ಟಿಕೆಟ್ ಮಾಡುವ ಮಗನೋ ಮಗಳೋ ಕಿಟಕಿ ಸೀಟಿನ ಬದಲು ನಡುದಾರಿಯ ಸೀಟು ಹಿಡಿದುಕೊಟ್ಟರೆ ಅರ್ಧ ಸಂಕೋಚ ಕಳೆಯುತ್ತದೆ. ಒಮ್ಮೆಗೇ ಒಂದು ಬಾಟಲಿ ಮುಗಿಸುವುದಕ್ಕಿಂತ ಆಗಾಗ ಒಂದೊಂದು ಗುಟುಕು ಕುಡಿದರೆ ಗಂಟಲಿಗೆ ಹಿತ. ನಡುನಡುವೆ ಕಲ್ಲುಸಕ್ಕರೆ ಚೂರನ್ನೋ ಲವಂಗವನ್ನೋ ಬಾಯಲ್ಲಿಟ್ಟುಕೊಂಡರೆ ಎಂಜಲು ಊರುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಲವಂಗವೇ ವಾಸಿ, ಆದರೆ ನಿದ್ದೆ ತೂಗುವಾಗ ಯಾವುದೂ ಬಾಯಲ್ಲಿ ಇರಬಾರದು. ಒಂದೆರಡು ಕಪ್ ಕಾಫಿ, ಟೀಯಿಂದ ಗಂಟಲು ಒಣಗುತ್ತದೆ ಎಂಬ ಹೆದರಿಕೆಯೂ ಬೇಕಿಲ್ಲ.

ಇಷ್ಟಾಗಿಯೂ ಕೆರೆತ ಬಂದರೆ, ಇಳಿದ ಮೇಲೆ ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಬಹುದು. ಒಣಗಾಳಿಯ ಕೆರೆತ ಇಳಿದಾಗಲೇ ಜೋರು, ಆಮೇಲೆ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಜ್ವರ ಇರುವುದಿಲ್ಲ. ಅದರ ಬದಲು ಎರಡನೆಯ, ಮೂರನೆಯ ದಿನಕ್ಕೆ ಹೆಚ್ಚಾಗುತ್ತಾ ಹೋದರೆ, ಮೂಗು ಸೋರಿದರೆ, ಮೈಕೈ ನೋವು ಬಂದರೆ ಅದು ಸೋಂಕು. ಉಗುಳು ನುಂಗಲಾರದಷ್ಟು ನೋವು, ಜ್ವರ, ಕುತ್ತಿಗೆಯಲ್ಲಿ ಗಂಟು ಕಾಣಿಸಿದರೆ ವೈದ್ಯರ ಹತ್ತಿರ ಹೋಗಲೇಬೇಕು. ಊರಿನಿಂದ ಮುಂಜಾಗ್ರತೆಗೆಂದು ಕಟ್ಟಿಕೊಂಡು ಬಂದ ಆಂಟಿಬಯಾಟಿಕ್ ಮಾತ್ರೆಯನ್ನು ಅವರು ಹೇಳುವ ತನಕ ಚೀಲದಿಂದ ತೆಗೆಯುವುದು ಬೇಡ. ಗಾಳಿಗೆ ಒಣಗಿದ ಗಂಟಲಿಗೂ ಶೀತದ ವೈರಸ್ಸಿಗೂ ಅದು ಕೆಲಸ ಮಾಡುವುದಿಲ್ಲ.