ಹುನಗುಂದ–ಇಳಕಲ್ ನಡುವೆ ಭೂಮಿಗೆ ಒಂದೂವರೆ ಸುತ್ತು

ಹುನಗುಂದದಿಂದ ಇಳಕಲ್‌ಗೆ ಹದಿಮೂರು ಕಿಲೋಮೀಟರಿನ ಆಸುಪಾಸು. ದಿನಾ ಹೋಗಿ ಬಂದು, ಊರೊಳಗಿನ ಓಡಾಟವನ್ನೂ ಸೇರಿಸಿದರೆ ನಲವತ್ತು ಕಿಲೋಮೀಟರ್ ಆಗುತ್ತದೆ. ಇಳಕಲ್ಲಿನ ಸೀರೆ ಅಂಗಡಿಗಳಲ್ಲಿ, ಗ್ರಾನೈಟ್ ಫ್ಯಾಕ್ಟರಿಗಳಲ್ಲಿ ಕೆಲಸಕ್ಕಿರುವವರಿಗೆ ಇದೇನು ದೂರವೆನಿಸುವುದಿಲ್ಲ. ಆದರೆ ವರ್ಷಕ್ಕೆ ಮುನ್ನೂರು ದಿನದಂತೆ ಐದು ವರ್ಷ ಕೂಡಿಸಿ ನೋಡಿ, 60,000 ಕಿಲೋಮೀಟರ್ ಆಗುತ್ತದೆ. ಭೂಮಧ್ಯರೇಖೆಯ ಉದ್ದವೇ ಸುಮಾರು 40,000. ಹೀಗೆ ಓಡಾಡುವ ಮನುಷ್ಯ ಜಿಲ್ಲೆ ಬಿಟ್ಟು ಹೊರಗೆ ಹೋಗದೆಯೇ ಭೂಮಿಯನ್ನು ಒಂದೂವರೆ ಸಲ ಸುತ್ತಿರುತ್ತಾನೆ.

ಲೀಟರಿಗೆ ಅರವತ್ತು ಕೊಡುವ ನೂರು ಸಿಸಿ ಬೈಕಿಗೆ ಇಷ್ಟು ದೂರಕ್ಕೆ ಸಾವಿರ ಲೀಟರ್ ಪೆಟ್ರೋಲ್ ಬೇಕು. ತಾರಸಿ ಮೇಲೆ ಕೂತಿರುತ್ತದಲ್ಲ, ಆ ಕಪ್ಪು ನೀರಿನ ಟ್ಯಾಂಕು, ಅದು ಕಂಠಮಟ ತುಂಬುವಷ್ಟು! ತೂಕ ಏಳುನೂರ ನಲವತ್ತು ಕಿಲೋ. ಸ್ಪ್ಲೆಂಡರ್‌ನಂಥ ಗಾಡಿಯ ತೂಕ 112 ಕಿಲೋ ಅಷ್ಟೆ, ಅಂದರೆ ತನ್ನ ಆರೂವರೆ ಪಟ್ಟು ತೂಕದ ಎಣ್ಣೆಯನ್ನು ಅದು ಕುಡಿದಿರುತ್ತದೆ. ಲೀಟರಿಗೆ 103 ರೂಪಾಯಿ ಹಿಡಿದರೆ 1,03,000. ಆನ್‌ರೋಡ್ 95,000ಕ್ಕೆ ತಂದ ಗಾಡಿಯನ್ನು ಬಂಕಿನ ಮುಂದೆ ನಿಂತು, ನೂರು ಇನ್ನೂರರ ನೋಟಿನಲ್ಲಿ, ಮತ್ತೊಮ್ಮೆ ಕೊಂಡಂತಾಯಿತು. ಸರ್ವಿಸ್, ಚೈನು, ಟೈರು ಎಂದು ಇನ್ನೊಂದು 32,000 ಸೇರಿಸಿ, ಐದು ವರ್ಷದ ಮೇಲೆ ಮಾರಿದರೆ ಬರುವ 35,000 ಕಳೆಯೋಣ. ಉಳಿಯುವುದು 1,95,000, ಕಿಲೋಮೀಟರಿಗೆ ಮೂರೂಕಾಲು ರೂಪಾಯಿ. ಈ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಸಿಎನ್‌ಜಿ, ಎಲೆಕ್ಟ್ರಿಕ್ ಎರಡನ್ನೂ ಇದರ ಪಕ್ಕದಲ್ಲೇ ನಿಲ್ಲಿಸಬೇಕು. ಬೆಲೆಗಳೆಲ್ಲ ನಾನು ಲೆಕ್ಕಕ್ಕೆಂದು ಹಿಡಿದವು. ನಿಮ್ಮ ಕೊಟೇಶನ್ನಿನಲ್ಲಿ ಹೆಚ್ಚುಕಡಿಮೆ ಇದ್ದರೆ ಅದನ್ನೇ ಹಾಕಿ ಕೂಡಿಸಿ.

ಸಿಎನ್‌ಜಿ ಬೈಕು ಎಂದರೆ ಬಜಾಜ್ ಫ್ರೀಡಮ್ 125. 2024ರ ಜುಲೈ 5ರಂದು ಬಿಡುಗಡೆಯಾದಾಗ ಜಗತ್ತಿನ ಮೊದಲ ಸಿಎನ್‌ಜಿ ಬೈಕು ಎನಿಸಿಕೊಂಡದ್ದು. ಉದ್ದನೆಯ ಸೀಟಿನ ಕೆಳಗೆ ಎರಡು ಕಿಲೋ ಗ್ಯಾಸಿನ ಸಿಲಿಂಡರ್, ಜತೆಗೆ ಎರಡು ಲೀಟರಿನ ಪೆಟ್ರೋಲ್ ಟ್ಯಾಂಕು. ಒಂದರಿಂದ ಇನ್ನೊಂದಕ್ಕೆ ಹೋಗಲು ಹ್ಯಾಂಡಲ್ ಮೇಲೆ ಒಂದು ಸ್ವಿಚ್. ಕಂಪನಿ ಹೇಳುವುದು ಕಿಲೋಗೆ 102 ಕಿಲೋಮೀಟರ್. ನಾನು ಎಂಬತ್ತು ಹಿಡಿಯುತ್ತೇನೆ. ಗ್ಯಾಸು ಕಿಲೋಗೆ 88 ರೂಪಾಯಿಯಾದರೆ ಐದು ವರ್ಷಕ್ಕೆ 66,000 ಸಾಕು. ಗಾಡಿ 1,18,000, ಸರ್ವಿಸ್ ಮತ್ತು ಮೂರು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಸಿಲಿಂಡರ್ ಟೆಸ್ಟ್ ಸೇರಿ 35,000, ಮಾರಿದಾಗ ಬರುವುದು 40,000. ಕಿಲೋಮೀಟರಿಗೆ ಎರಡು ರೂಪಾಯಿ ತೊಂಬತ್ತೆಂಟು ಪೈಸೆ. ಪೆಟ್ರೋಲಿಗಿಂತ ಕಾಲು ರೂಪಾಯಿ ಅಗ್ಗ.

ಕಾಲು ರೂಪಾಯಿಯ ಈ ಲಾಭ ಎಷ್ಟು ತೆಳ್ಳಗಿದೆ ನೋಡಿ. ಸಿಲಿಂಡರ್ ನಾಲ್ಕು ದಿನಕ್ಕೊಮ್ಮೆ ಖಾಲಿಯಾಗುತ್ತದೆ. ಗ್ಯಾಸ್ ಬಂಕು ದಾರಿಯಲ್ಲೇ ಇರದಿದ್ದರೆ, ಇಲ್ಲವೇ ಆಟೋಗಳ ಸಾಲು ಕಂಡು ನಾಳೆ ಹಾಕಿಸೋಣ ಎಂದುಕೊಂಡರೆ, ಬೆರಳು ತಾನಾಗಿಯೇ ಆ ಸ್ವಿಚ್ಚಿಗೆ ಹೋಗುತ್ತದೆ. ಓಟದ ಮೂರನೇ ಒಂದು ಪಾಲು ಪೆಟ್ರೋಲಿನ ಮೇಲೆ, ಲೀಟರಿಗೆ ಐವತ್ತೈದರಂತೆ ಆಯಿತೆನ್ನಿ. ಆಗ ಒಟ್ಟು ಖರ್ಚು ಕಿಲೋಮೀಟರಿಗೆ 3.24 ರೂಪಾಯಿಗೆ ಬಂದು ನಿಲ್ಲುತ್ತದೆ. ಉಳಿದದ್ದು ಒಂದು ಪೈಸೆ. ಮನೆಯಿಂದ ಕೆಲಸಕ್ಕೆ ಹೋಗುವ ದಾರಿಯ ಮೇಲೆಯೇ ಗ್ಯಾಸ್ ಬಂಕು ಇಲ್ಲದವರು ಈ ಗಾಡಿಯ ಗೋಜಿಗೆ ಹೋಗಬಾರದು ಎಂಬುದೇ ನನ್ನ ಮಾತು.

ಇನ್ನು ಎಲೆಕ್ಟ್ರಿಕ್. ಬಾಗಲಕೋಟೆಯ ಯಾವುದೇ ಶೋರೂಮಿಗೆ ಹೋದರೂ ಕೇಳಿಬರುವ ಮಾತು ಒಂದೇ: “ಕಿಲೋಮೀಟರಿಗೆ ಕಾಲು ರೂಪಾಯಿ ಅಷ್ಟರೀ ಸರ.” ಅದು ಸುಳ್ಳಲ್ಲ. ಮೂರು ಯೂನಿಟ್ ಬ್ಯಾಟರಿಯ ಸ್ಕೂಟರು, ಚಾರ್ಜರ್ ಬಿಸಿಯಾಗಿ ನುಂಗುವುದನ್ನೂ ಸೇರಿಸಿ, ತಿಂಗಳಿಗೆ ಸಾವಿರ ಕಿಲೋಮೀಟರಿಗೆ ಸುಮಾರು 35 ಯೂನಿಟ್ ಎಳೆಯುತ್ತದೆ. ತೆರಿಗೆ, ಸರ್ಚಾರ್ಜ್ ಕೂಡಿ ಯೂನಿಟ್ಟಿಗೆ 6.70 ಎಂದರೆ ಐದು ವರ್ಷದ ಕರೆಂಟು 14,000 ರೂಪಾಯಿ. ಪೆಟ್ರೋಲಿನ ಲಕ್ಷದ ಎದುರು ಹದಿನಾಲ್ಕು ಸಾವಿರ! ಗಾಡಿ 1,25,000, ಟೈರು ಬ್ರೇಕು ಸೇರಿ 15,000, ಮಾರಿದಾಗ 25,000. ಕಿಲೋಮೀಟರಿಗೆ ಎರಡು ರೂಪಾಯಿ ಹದಿನೈದು ಪೈಸೆ.

ಇಲ್ಲಿ ನಮ್ಮ ರಾಜ್ಯದ್ದೇ ಆದ ಒಂದು ಗೆರೆ ಅಡ್ಡ ಬರುತ್ತದೆ. 2023ರ ಆಗಸ್ಟಿನಿಂದ ನಡೆದಿರುವ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಉಚಿತ ಪ್ರಮಾಣ ಗೊತ್ತುಮಾಡಿದ್ದಾರೆ. ಅದನ್ನು ಮೀರಿದರೆ ಹೆಚ್ಚಿನ ಯೂನಿಟ್ಟಿಗಷ್ಟೇ ಹಣ. ಆದರೆ ಒಟ್ಟು 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. 180 ಯೂನಿಟ್ ಉಚಿತವಾಗಿ ಸುಡುವ ಕೂಡುಕುಟುಂಬವೊಂದನ್ನು ಊಹಿಸಿಕೊಳ್ಳಿ. ಸ್ಕೂಟರು ಬಂದ ತಿಂಗಳು ಹೆಸ್ಕಾಂ ರೀಡರ್ ಮೀಟರ್ ನೋಡಿದರೆ 215. ಸೊನ್ನೆ ಬರುತ್ತಿದ್ದ ಬಿಲ್ಲು 1,440, ನಿಗದಿ ಶುಲ್ಕ ಬೇರೆ. ಸ್ಕೂಟರಿನ ಪಾಲಿಗೆ ಒಂದು ಯೂನಿಟ್ಟಿನ ಬೆಲೆ 6.70 ಅಲ್ಲ, ನಲವತ್ತೊಂದು ರೂಪಾಯಿ! ಐದು ವರ್ಷವೂ ಹೀಗೇ ನಡೆದರೆ ಕಿಲೋಮೀಟರಿಗೆ 3.36, ಅಂದರೆ ಪೆಟ್ರೋಲಿಗಿಂತ ದುಬಾರಿ.

ಇಷ್ಟಕ್ಕೂ 200ರ ಗೆರೆಯ ಆಚೆಗೆ ಬಿದ್ದವು ಹದಿನೈದೇ ಯೂನಿಟ್. ವಾರದಲ್ಲಿ ಮೂರು ದಿನ ಅಂಗಡಿಯಲ್ಲೋ ಫ್ಯಾಕ್ಟರಿಯಲ್ಲೋ ಪ್ಲಗ್ ಚುಚ್ಚಿದರೆ ಅಷ್ಟು ಅಲ್ಲಿಯೇ ಕಳೆಯುತ್ತದೆ. ಅಲ್ಲಿಯ ವಾಣಿಜ್ಯ ದರ ಹೆಚ್ಚೆಂದು ಮಾಲೀಕರು ಗೊಣಗಿದರೆ ತಿಂಗಳಿಗೆ ನೂರೈವತ್ತು ಕೈಗಿಟ್ಟರಾಯಿತು. ಸ್ಕೂಟರು ಕೊಳ್ಳುವ ಮೊದಲು ಬ್ರೋಶರ್ ಓದುವುದಕ್ಕಿಂತ ಹನ್ನೆರಡು ತಿಂಗಳ ಹಳೆಯ ಕರೆಂಟ್ ಬಿಲ್ ತೆಗೆದು ನೋಡುವುದು ಲೇಸು. ಏಪ್ರಿಲ್–ಮೇ ತಿಂಗಳಲ್ಲಿ ಕೂಲರ್ ಓಡುವಾಗ ಎಷ್ಟು ಬಂದಿದೆ ಎಂಬುದೇ ಮುಖ್ಯ.

ಬ್ಯಾಟರಿಯ ಭಯ ಎಲ್ಲರಿಗೂ ಇದೆ. ನನಗೆ ಅದು ಎರಡನೆಯ ಚಿಂತೆ. 60,000 ಕಿಲೋಮೀಟರ್ ಎಂದರೆ ಮೂರು ಯೂನಿಟ್ ಬ್ಯಾಟರಿಯನ್ನು ಸುಮಾರು ಆರುನೂರು ಸಲ ಪೂರ್ತಿ ತುಂಬಿ ಖಾಲಿ ಮಾಡಿದಂತೆ, ಒಳ್ಳೆಯ ಲಿಥಿಯಂ ಸೆಲ್ಲು ಅಷ್ಟನ್ನು ತಾಳುತ್ತದೆ. ಅದನ್ನು ಬೇಗ ಮುಪ್ಪಾಗಿಸುವುದು ಬಿಸಿಲು: ನಲವತ್ತು ಡಿಗ್ರಿಯಲ್ಲಿ ಓಡಿಸಿ ತಂದ ಗಾಡಿಗೆ ಆರುವ ಮುಂಚೆಯೇ ಚಾರ್ಜ್ ಹಾಕುವುದು, ಶೇ. 100 ತುಂಬಿಸಿ ತಗಡಿನ ಶೆಡ್ಡಿನಲ್ಲಿ ದಿನಗಟ್ಟಲೆ ಬಿಡುವುದು. ಇಳಕಲ್‌ಗೆ ಹೋಗಿ ಬಂದಾಗ ಮೊದಲ ವರ್ಷ ಶೇ. 30 ಇಳಿಯುತ್ತಿದ್ದದ್ದು ಈಗ 40 ಇಳಿಯುತ್ತಿದ್ದರೆ ಬ್ಯಾಟರಿಯ ಕಾಲುಭಾಗ ಸವೆದಿದೆ ಎಂದೇ ತಿಳಿಯಿರಿ. ಟೈರಿನ ಗಾಳಿ, ಬ್ರೇಕಿನ ಉಜ್ಜು ಸರಿಯಿವೆಯೇ ಎಂದು ಮೊದಲು ನೋಡಿಕೊಂಡಿರಬೇಕು. ಐದನೇ ವರ್ಷ 55,000 ಕೊಟ್ಟು ಹೊಸದು ಹಾಕಿಸಲೇಬೇಕಾದರೂ ಕಿಲೋಮೀಟರಿಗೆ 3.07, ಪೆಟ್ರೋಲಿಗಿಂತ ಕೆಳಗೇ.

ಬಾದಾಮಿಯಿಂದ ಬಾಗಲಕೋಟೆಗೆ ದಿನಾ ಹೋಗಿ ಬರುವವರ ಎಪ್ಪತ್ತರ ಮೇಲಿನ ಓಟಕ್ಕಂತೂ ಉಳಿತಾಯ ಇನ್ನೂ ದೊಡ್ಡದು. ಆದರೆ ಹೆದ್ದಾರಿಯಲ್ಲಿ ಅರವತ್ತೈದರ ವೇಗದಲ್ಲಿ ಹೋದರೆ ಒಂದೇ ಚಾರ್ಜಿಗೆ ಅದು ಅಂಚಿನ ದೂರ, ಬಾಗಲಕೋಟೆಯಲ್ಲೊಂದು ಪ್ಲಗ್ ಗೊತ್ತುಮಾಡಿಕೊಂಡಿರಬೇಕು. ಮಗ್ಗ ಮನೆಯಲ್ಲೇ ಇದ್ದು, ನೂಲು ತರಲು, ಸೀರೆ ಕೊಡಲು ಇಳಕಲ್ ಪೇಟೆಗೆ ದಿನಕ್ಕೆ ಹತ್ತು ಕಿಲೋಮೀಟರ್ ಓಡಾಡುವ ನೇಕಾರರ ಲೆಕ್ಕವೇ ಬೇರೆ. ಐದು ವರ್ಷಕ್ಕೆ 15,000 ಕಿಲೋಮೀಟರ್ ಅಷ್ಟೇ ಆಗುವುದರಿಂದ ಪೆಟ್ರೋಲ್ ಬೈಕಿಗೆ ಕಿಲೋಮೀಟರಿಗೆ ಆರು ರೂಪಾಯಿ ಮೇಲೆ ಬೀಳುತ್ತದೆ, ಎಲೆಕ್ಟ್ರಿಕ್‌ಗೆ ಏಳು. ಎರಡೂ ಸಮವಾಗುವುದು ದಿನಕ್ಕೆ ಹದಿನೈದು ಕಿಲೋಮೀಟರಿನ ಹತ್ತಿರ.