ನಿಮಗಿದು ಗೊತ್ತೆ? ಮಸ್ಕಿ ಬಂಡೆಯಲ್ಲಿಲ್ಲದ ಗೀಟು

1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಮಸ್ಕಿಯಲ್ಲಿ ಪತ್ತೆಹಚ್ಚಿದ ಶಾಸನದಲ್ಲಿ ಅಶೋಕನ ಹೆಸರೇ ಇದೆ. ಅದರ ಹಳೆಯ ಪುಟ್ಟ ಫೋಟೊವನ್ನು ರಿಯಲ್-ಇಎಸ್‌ಆರ್‌ಗ್ಯಾನ್‌ನಂಥ ಎಐ ಮಾದರಿಯಿಂದ ನಾಲ್ಕು ಪಟ್ಟು ಹಿಗ್ಗಿಸಿದರೆ, ಒಂದು ಪಿಕ್ಸೆಲ್ ಇದ್ದಲ್ಲಿ 16 ಬರುತ್ತವೆ. ಹೊಸದಾಗಿ ಕಾಣುವ ವಿವರ ಬಂಡೆಯದಲ್ಲ, ಬೇರೆ ಸಾವಿರಾರು ಚಿತ್ರಗಳಿಂದ ಕಲಿತ ಮಾದರಿಯ ಊಹೆ. ಈ ಶಾಸನದ ಬ್ರಾಹ್ಮಿ ಲಿಪಿಯಲ್ಲಿ ಅನುಸ್ವಾರವೆಂದರೆ ಒಂದು ಚುಕ್ಕಿ, ‘ಆ’ಕಾರವೆಂದರೆ ಒಂದು ಗಿಡ್ಡ ಗೀಟು. ಮಾದರಿ ಆ ಚುಕ್ಕಿಯನ್ನು ಕಲೆಯೆಂದು ಅಳಿಸಬಹುದು, ಬಂಡೆಯ ಬಿರುಕನ್ನು ಗೀಟಾಗಿ ತಿದ್ದಬಹುದು. ಚಿತ್ರ ಮಾತ್ರ ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಪರೀಕ್ಷಿಸಲು, ಅದೇ ಬಂಡೆಯ ಇಂದಿನ ಸ್ಪಷ್ಟ ಫೋಟೊವನ್ನು ಮಸುಕಾಗಿಸಿ, ಉದ್ದಗಲ ಕಾಲುಭಾಗಕ್ಕೆ ಕುಗ್ಗಿಸಿ, ಮಾದರಿಯಿಂದ ಮತ್ತೆ ಹಿಗ್ಗಿಸಿ. ಮೂಲದೊಂದಿಗೆ ಅಕ್ಷರಕ್ಕಕ್ಷರ ಹೋಲಿಸಿ. ಹಿಗ್ಗಿಸಿದ ಚಿತ್ರ ನೋಡಿ ಶಾಸನ ಓದಬೇಡಿ. ಅಚ್ಚು ಹಾಕುವುದಾದರೆ ಮೂಲ ಫೋಟೊವನ್ನೂ ಪಕ್ಕದಲ್ಲೇ ಕೊಡಿ.