ಪೆನ್‌ಡ್ರೈವ್ ನಿಧಾನವೇ? ತಪ್ಪು ಪೋರ್ಟಿನದೋ, ಒಳಗಿನ ಚಿಪ್ಪಿನದೋ

ಗುಂಡ್ಲುಪೇಟೆಯ ಸ್ಟುಡಿಯೋಗಳಲ್ಲಿ ಈಗ ಮದುವೆಯ ವಿಡಿಯೋವನ್ನು ಡಿವಿಡಿಗೆ ಹಾಕಿಕೊಡಿ ಎಂದು ಕೇಳುವವರು ಅಪರೂಪ. ಪೆನ್‌ಡ್ರೈವ್ ತಂದುಕೊಡುತ್ತಾರೆ, ತುಂಬಿಸಿಕೊಂಡು ಹೋಗುತ್ತಾರೆ. ಚಾಮರಾಜನಗರದಿಂದ ಒಬ್ಬರು 64 ಜಿಬಿಯ ಹೊಸ ಪೆನ್‌ಡ್ರೈವ್ ತಂದಿದ್ದಾರೆ ಎಂದಿಟ್ಟುಕೊಳ್ಳೋಣ. ಪೊಟ್ಟಣದ ಮೇಲೆ ‘3.0’ ಎಂದೂ ‘100 MB/s’ ಎಂದೂ ಅಚ್ಚಾಗಿದೆ. ಮದುವೆಯ ವಿಡಿಯೋ 28 ಜಿಬಿ ಇದೆ. ಪೊಟ್ಟಣದ ಲೆಕ್ಕ ನಿಜವಾದರೆ ಐದು ನಿಮಿಷದೊಳಗೆ ಕೆಲಸ ಮುಗಿಯಬೇಕು. ಶುರುವಿನಲ್ಲಿ ವಿಂಡೋಸ್ ಕೂಡ ಸೆಕೆಂಡಿಗೆ 90 ಎಂಬಿ ಎಂದೇ ತೋರಿಸುತ್ತದೆ. ಒಂದೆರಡು ನಿಮಿಷ ಕಳೆಯುವಷ್ಟರಲ್ಲಿ ಪರದೆಯ ಗ್ರಾಫಿನ ಗೆರೆ ಕುಸಿದು 6 ಎಂಬಿಗೆ ಬಂದು ನಿಲ್ಲುತ್ತದೆ. ಆ ವೇಗದಲ್ಲಿ 28 ಜಿಬಿ ತುಂಬಲು ಸುಮಾರು ಒಂದು ಗಂಟೆ ಹದಿನೆಂಟು ನಿಮಿಷ ಬೇಕು. ಅಷ್ಟರಲ್ಲಿ ಬಸ್ಸು ಹತ್ತಿದವರು ಚಾಮರಾಜನಗರ ತಲುಪಿರುತ್ತಾರೆ.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಕಂಪ್ಯೂಟರಿಗೆ ವೈರಸ್ ಬಂದಿದೆ ಎನ್ನುತ್ತಾರೆ, ಇಲ್ಲವೇ ಪೆನ್‌ಡ್ರೈವನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಎರಡರಿಂದಲೂ ಬಹುಪಾಲು ಏನೂ ಬದಲಾಗುವುದಿಲ್ಲ. ನೋಡಬೇಕಾದ ಜಾಗಗಳು ಎರಡು: ಪೆನ್‌ಡ್ರೈವ್ ಚುಚ್ಚಿದ ಪೋರ್ಟು, ಮತ್ತು ಪೆನ್‌ಡ್ರೈವಿನೊಳಗಿನ ಫ್ಲ್ಯಾಶ್ ಚಿಪ್ಪು. ಇವೆರಡರಲ್ಲಿ ಯಾವುದು ಹೆಚ್ಚು ನಿಧಾನವೋ ಅದೇ ಕೊನೆಗೆ ಕಾಪಿಯ ವೇಗವನ್ನು ತೀರ್ಮಾನಿಸುತ್ತದೆ.

ಮೊದಲು ಪೋರ್ಟು. ಹಳೆಯ ಯುಎಸ್‌ಬಿ 2.0 ಪೋರ್ಟಿನ ವೇಗ ಕಾಗದದ ಮೇಲೆ ಸೆಕೆಂಡಿಗೆ 480 ಮೆಗಾಬಿಟ್. ಬಿಟ್ಟನ್ನು ಬೈಟಿಗೆ ಬದಲಿಸಿ, ನಡುವಿನ ಖರ್ಚು ಕಳೆದರೆ ಕೈಗೆ ಸಿಗುವುದು 30ರಿಂದ 40 ಎಂಬಿ. 2008ರಲ್ಲಿ ಬಂದ 3.0ರ ವೇಗ ಅದರ ಹತ್ತು ಪಟ್ಟಿಗೂ ಹೆಚ್ಚು, ಅಂದರೆ 5 ಗಿಗಾಬಿಟ್. ಇದಕ್ಕಾಗಿ ಹಳೆಯ ನಾಲ್ಕು ಸಂಪರ್ಕಗಳ ಜೊತೆಗೆ ಹೊಸದಾಗಿ ಐದು ಸಂಪರ್ಕಗಳನ್ನು ಒಳಭಾಗದಲ್ಲಿ ಕೂರಿಸಿದ್ದಾರೆ. ಈ ಐದರಲ್ಲಿ ಒಂದು ಸರಿಯಾಗಿ ತಾಗದಿದ್ದರೂ ಪೆನ್‌ಡ್ರೈವ್ ಕೆಲಸ ನಿಲ್ಲಿಸುವುದಿಲ್ಲ. ಸದ್ದಿಲ್ಲದೆ 2.0ರ ವೇಗಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ, ಪರದೆಯ ಮೇಲೆ ಯಾವ ದೂರೂ ಕಾಣಿಸದೆ ಹೋಗಬಹುದು. ದೂಳು ತುಂಬಿದ ಪೋರ್ಟು, ಅರ್ಧ ಚುಚ್ಚಿದ ಡ್ರೈವು, ಅಗ್ಗದ ಎಕ್ಸ್‌ಟೆನ್ಷನ್ ಕೇಬಲ್ಲು, ಹತ್ತು ಕಡೆ ಕವಲೊಡೆದ ಹಬ್ಬು, ಇವೆಲ್ಲ ಇಂಥ ಇಳಿತಕ್ಕೆ ಕಾರಣ. ಒಮ್ಮೊಮ್ಮೆ ಅನುಮಾನಿಸುತ್ತಾ ತೀರಾ ಮೆಲ್ಲಗೆ ಚುಚ್ಚುವುದೂ ಕಾರಣವಾಗುತ್ತದೆ: ಹೊರಗಿನ ನಾಲ್ಕು ಮೊದಲು ತಾಗಿ ಮಾತುಕತೆ 2.0ರಲ್ಲಿ ಮುಗಿದುಹೋಗುತ್ತದೆ. ತೆಗೆದು, ಒಂದೇ ಸಲಕ್ಕೆ ಪೂರ್ತಿ ಚುಚ್ಚಿದರೆ ಸರಿಹೋಗುವುದುಂಟು.

ಡೆಸ್ಕ್‌ಟಾಪ್ ಇರುವವರು ಇನ್ನೊಂದನ್ನು ಗಮನಿಸಬೇಕು. ಡಬ್ಬದ ಮುಂಭಾಗದ ಪೋರ್ಟುಗಳು ಮದರ್‌ಬೋರ್ಡಿಗೆ ಒಳಗಿನ ತಂತಿಯಿಂದ ಸೇರಿರುತ್ತವೆ, ಎಷ್ಟೋ ಯಂತ್ರಗಳಲ್ಲಿ ಅವು 2.0 ಮಾತ್ರ. ಹಿಂಭಾಗದವು ನೇರ ಮದರ್‌ಬೋರ್ಡಿನವು. ಪೋರ್ಟಿನೊಳಗಿನ ನಾಲಿಗೆ ನೀಲಿಯಾಗಿದ್ದರೆ ಅಥವಾ ಪಕ್ಕದಲ್ಲಿ ‘SS’ ಎಂಬ ಗುರುತಿದ್ದರೆ ಅದು 3.0 ಎಂದು ಊಹಿಸಬಹುದು. ಆದರೆ ಬಣ್ಣವನ್ನು ಪೂರ್ತಿ ನಂಬಬೇಡಿ, ನೀಲಿ ಪ್ಲಾಸ್ಟಿಕ್ ಹಾಕಿದ 2.0 ಪೆನ್‌ಡ್ರೈವುಗಳೂ ಮಾರುಕಟ್ಟೆಯಲ್ಲಿವೆ. ಡ್ರೈವು ಯಾವ ವೇಗಕ್ಕೆ ಒಪ್ಪಿಕೊಂಡಿದೆ ಎಂದು ಕಂಪ್ಯೂಟರನ್ನೇ ಕೇಳುವುದು ಒಳ್ಳೆಯದು. ಲಿನಕ್ಸಿನಲ್ಲಿ ಒಂದು ಸಾಲು ಸಾಕು:

```
lsusb -t
```

ಡ್ರೈವಿನ ಸಾಲಿನ ಕೊನೆಯಲ್ಲಿ 480M ಎಂದಿದ್ದರೆ 2.0, 5000M ಎಂದಿದ್ದರೆ 3.0. 12M ಎಂದು ಕಂಡರೆ ಸಂಪರ್ಕ ತೀರಾ ಕೆಟ್ಟಿದೆ, ಸೆಕೆಂಡಿಗೆ ಒಂದು ಎಂಬಿಯ ಆಸುಪಾಸಿನಲ್ಲಿ ತೆವಳುತ್ತದೆ. ವಿಂಡೋಸಿನಲ್ಲಿ USB Device Tree Viewer ಎಂಬ ಉಚಿತ ತಂತ್ರಾಂಶ ಇದನ್ನೇ ತೋರಿಸುತ್ತದೆ.

ಇನ್ನು ಚಿಪ್ಪು. ನನ್ನ ಪ್ರಕಾರ ನಮ್ಮ ಕಡೆಯ ಬಹುಪಾಲು ದೂರುಗಳ ಮೂಲ ಇಲ್ಲಿದೆ. ಫ್ಲ್ಯಾಶ್ ಚಿಪ್ಪಿನಲ್ಲಿ ಓದುವುದು ಸುಲಭದ ಕೆಲಸ, ಬರೆಯುವುದು ಕಷ್ಟದ್ದು. ಬರೆಯುವುದು ಸಣ್ಣ ಸಣ್ಣ ಪುಟಗಳಲ್ಲಿ, ಅಳಿಸುವುದು ಮಾತ್ರ ನೂರಾರು ಪುಟಗಳ ದೊಡ್ಡ ತುಂಡಿನಲ್ಲಿ. ಒಮ್ಮೆ ಬರೆದ ಜಾಗದ ಮೇಲೆ ನೇರವಾಗಿ ಮತ್ತೆ ಬರೆಯಲಾಗದು. ಆ ತುಂಡಿನಲ್ಲಿ ಉಳಿಯಬೇಕಾದ ಪುಟಗಳನ್ನು ಬೇರೆಡೆಗೆ ಸಾಗಿಸಿ, ತುಂಡನ್ನೇ ಅಳಿಸಿ, ಆಮೇಲೆ ಬರೆಯಬೇಕು. ಸಾಲದ್ದಕ್ಕೆ ಬೆಲೆ ಇಳಿಸಲು ಒಂದೊಂದು ಕೋಶದಲ್ಲಿ ಒಂದು ಬಿಟ್ಟಿನ ಬದಲು ಮೂರು ಅಥವಾ ನಾಲ್ಕು ಬಿಟ್ಟುಗಳನ್ನು ತುರುಕುತ್ತಾರೆ. ಬಿಟ್ಟು ಹೆಚ್ಚಿದಷ್ಟೂ ಬರೆಯುವಾಗ ಇಡಬೇಕಾದ ವಿದ್ಯುದಂಶ ನಿಖರವಾಗಿರಬೇಕು, ಅಷ್ಟೂ ಸಮಯ ಹಿಡಿಯುತ್ತದೆ. ಒಳ್ಳೆಯ ಡ್ರೈವಿನಲ್ಲಿ ಹಲವು ಚಿಪ್ಪುಪದರಗಳಿಗೆ ಏಕಕಾಲಕ್ಕೆ ಬರೆಯುತ್ತಾರೆ, ಅಗ್ಗದ್ದರಲ್ಲಿ ಎಲ್ಲ ಭಾರವೂ ಒಂದೆರಡರ ಮೇಲೆ ಬೀಳುತ್ತದೆ.

ಹಾಗಿದ್ದರೆ ಶುರುವಿನಲ್ಲಿ 90 ಎಂಬಿ ಕಂಡಿದ್ದು ಹೇಗೆ? ಅದಕ್ಕೆ ಎರಡು ಕಾರಣ. ಒಂದು, ಕಂಪ್ಯೂಟರ್ ಸ್ವಲ್ಪ ದತ್ತಾಂಶವನ್ನು ತನ್ನ ರ‍್ಯಾಮಿನಲ್ಲಿ ಇಟ್ಟುಕೊಂಡೇ ‘ಬರೆದಾಯಿತು’ ಎಂದು ಲೆಕ್ಕ ಹಾಕಿರುತ್ತದೆ. ಎರಡನೆಯದು, ಎಷ್ಟೋ ಡ್ರೈವುಗಳು ಚಿಪ್ಪಿನ ಒಂದು ಭಾಗವನ್ನು ಕೋಶಕ್ಕೊಂದೇ ಬಿಟ್ಟಿನಂತೆ ಬಳಸಿ ಮೊದಲ ಕೆಲವು ಜಿಬಿಯನ್ನು ಬೇಗ ಬರೆದುಕೊಳ್ಳುತ್ತವೆ. ಸುಗ್ಗಿಯಲ್ಲಿ ಗಾಡಿಯ ಮೂಟೆಗಳನ್ನು ಮೊದಲು ಜಗಲಿಗೆ ಇಳಿಸಿ, ನಿಧಾನವಾಗಿ ಒಳಗಿನ ಅಟ್ಟಕ್ಕೆ ಏರಿಸುವ ಹಾಗೆ. ಜಗಲಿ ತುಂಬಿದ ಮೇಲೆ ಅಟ್ಟ ಏರಿಸುವ ವೇಗವೇ ಗಾಡಿಯ ವೇಗ. ಪೊಟ್ಟಣದ ಮೇಲೆ ಅಚ್ಚಾದ 100 ಎಂಬಿಯೂ ಬಹುತೇಕ ಓದುವ ವೇಗ. ಬರೆಯುವ ವೇಗವನ್ನು ಅಗ್ಗದ ಪೆನ್‌ಡ್ರೈವುಗಳಲ್ಲಿ ಸಾಮಾನ್ಯವಾಗಿ ಹೇಳಿಯೇ ಇರುವುದಿಲ್ಲ.

ನಿಜವಾದ ವೇಗ ಅಳೆಯಲು 8 ಜಿಬಿಯಷ್ಟು ದೊಡ್ಡ ಒಂದೇ ವಿಡಿಯೋ ಫೈಲು ಮತ್ತು ಮೊಬೈಲಿನ ಸ್ಟಾಪ್‌ವಾಚು ಇದ್ದರೆ ಆಯಿತು. ಪೆನ್‌ಡ್ರೈವ್ FAT32 ಆಗಿದ್ದರೆ 4 ಜಿಬಿ ಮೀರಿದ ಫೈಲು ಅದರಲ್ಲಿ ಕೂರುವುದಿಲ್ಲ, ಒಳಗಿರುವುದನ್ನು ಬೇರೆಡೆ ಉಳಿಸಿಕೊಂಡು exFAT ಆಗಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಫೈಲನ್ನು ಕಾಪಿಗೆ ಹಾಕಿ ಗಡಿಯಾರ ಒತ್ತಿ. ಕಾಪಿ ಮುಗಿಯಿತೆಂದು ಕಂಡಾಗ ಗಡಿಯಾರ ನಿಲ್ಲಿಸಬೇಡಿ. ‘ಎಜೆಕ್ಟ್’ ಕೊಟ್ಟು, ತೆಗೆಯಬಹುದು ಎಂದು ಕಂಪ್ಯೂಟರ್ ಹೇಳಿದಾಗ ನಿಲ್ಲಿಸಿ. 8000ವನ್ನು ಆ ಸೆಕೆಂಡುಗಳಿಂದ ಭಾಗಿಸಿದರೆ ಬರೆಯುವ ವೇಗ ಸಿಗುತ್ತದೆ. ಇದು ಸರಾಸರಿ. ಮೊದಲ ವೇಗದ ಓಟವೂ ಇದರಲ್ಲಿ ಸೇರಿರುವುದರಿಂದ, ಕೊನೆಯ ನಿಮಿಷಗಳಲ್ಲಿ ಪರದೆ ತೋರಿಸುವ ಅಂಕಿಯನ್ನೂ ಬರೆದಿಟ್ಟುಕೊಳ್ಳಿ. ದೊಡ್ಡ ವಿಡಿಯೋಗೆ ಲೆಕ್ಕಕ್ಕೆ ಬರುವುದು ಈ ಕೊನೆಯ ಅಂಕಿ. ಬಳಿಕ ಡ್ರೈವನ್ನು ಕಿತ್ತು ಮತ್ತೆ ಚುಚ್ಚಿ, ಅದೇ ಫೈಲನ್ನು ಕಂಪ್ಯೂಟರಿಗೆ ವಾಪಸು ಕಾಪಿ ಮಾಡಿ ಓದುವ ವೇಗ ಅಳೆಯಿರಿ. ಕಿತ್ತು ಚುಚ್ಚದಿದ್ದರೆ ಕಂಪ್ಯೂಟರ್ ತನ್ನ ರ‍್ಯಾಮಿನಲ್ಲಿ ಉಳಿದ ಪ್ರತಿಯನ್ನೇ ಕೊಟ್ಟು ಮೋಸದ ಅಂಕಿ ತೋರಿಸಬಹುದು.

ಲಿನಕ್ಸಿನಲ್ಲಿ ರ‍್ಯಾಮಿನ ಮರೆಯನ್ನು ದಾಟಿ ಬರೆಯಿಸಲು ಹೀಗೆ ಕೊಡಬಹುದು. of= ಮುಂದೆ ನಿಮ್ಮ ಪೆನ್‌ಡ್ರೈವಿನ ಫೋಲ್ಡರಿನ ಹಾದಿ ಇರಲಿ, ಕೊನೆಯಲ್ಲಿ ಫೈಲಿನ ಹೆಸರು ಇದ್ದೇ ಇರಬೇಕು:

```
dd if=maduve.mp4 of=/media/usb/test.mp4 bs=4M oflag=direct status=progress
```

ವಿಂಡೋಸಿನಲ್ಲಿ CrystalDiskMark ಬಳಸುವವರು ಒಂದು ಎಚ್ಚರಿಕೆ ವಹಿಸಬೇಕು. ಅದು ತಾನಾಗಿ 1 ಜಿಬಿಯಷ್ಟೇ ಬರೆದು ನೋಡುತ್ತದೆ, ಆಗ ಜಗಲಿಯ ವೇಗ ಮಾತ್ರ ಕಾಣುತ್ತದೆ. ಗಾತ್ರವನ್ನು 8 ಜಿಬಿಗೆ ಏರಿಸಿ SEQ1M ಸಾಲಿನ Write ಅಂಕಿ ನೋಡಿ.

ನಮ್ಮ ಮದುವೆ ವಿಡಿಯೋದ ಪೆನ್‌ಡ್ರೈವಿಗೆ ಬರೋಣ. ಮುಂಭಾಗದ ಪೋರ್ಟಿನಲ್ಲಿ ಓದುವ ವೇಗ 36 ಬಂತು, ಬರೆಯುವುದು ಕೊನೆಗೆ 6ಕ್ಕೆ ನಿಂತಿತು ಎನ್ನಿ. ಆದರೆ ಮೊದಲಿಗೆ ಕಂಡ 90 ಎಂಬಿ 2.0 ಪೋರ್ಟಿನಲ್ಲಿ ಹಾದುಹೋಗಲು ಸಾಧ್ಯವೇ ಇಲ್ಲ. ಅಂದರೆ ಆ ಅಂಕಿ ರ‍್ಯಾಮಿನದು. 36 ಎಂಬುದು 2.0 ಪೋರ್ಟಿನ ಹಸ್ತಾಕ್ಷರವೇ ಸರಿ. ಅದನ್ನೇ ಹಿಂಭಾಗದ ನೀಲಿ ಪೋರ್ಟಿಗೆ ಬದಲಿಸಿದಾಗ ಓದುವುದು 110ಕ್ಕೆ ಏರಿತು, ಬರೆಯುವುದು ಮಾತ್ರ 6ರಲ್ಲೇ ಉಳಿಯಿತು. ಪೋರ್ಟು ನಿಧಾನವಾಗಿದ್ದದ್ದು ನಿಜ, ಆದರೆ ಈ ಕಾಪಿಯನ್ನು ತಡೆದದ್ದು ಅದಲ್ಲ, ಚಿಪ್ಪು. ಈಗ ಸ್ಟುಡಿಯೋದವರ ಹತ್ತಿರವಿರುವ ಒಳ್ಳೆಯ ಡ್ರೈವೊಂದನ್ನು ಅದೇ ಎರಡು ಪೋರ್ಟಿಗೆ ಹಾಕಿ ನೋಡಬೇಕು. ಮುಂದೆ 34, ಹಿಂದೆ 90 ಬರೆದರೆ, 28 ಜಿಬಿಗೆ ಮುಂಭಾಗದಲ್ಲಿ ಹದಿನಾಲ್ಕು ನಿಮಿಷ, ಹಿಂಭಾಗದಲ್ಲಿ ಐದು ನಿಮಿಷ. ಪೋರ್ಟಿನ ದೋಷ ಒಳ್ಳೆಯ ಡ್ರೈವಿನಲ್ಲಿ ಮಾತ್ರ ಎದ್ದು ಕಾಣುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆನ್ನುವುದು ಇದಕ್ಕೇ.

ಗೆರೆಯ ಆಕಾರದಿಂದಲೂ ಅರ್ಧ ಉತ್ತರ ಸಿಗುತ್ತದೆ. ಉದ್ದಕ್ಕೂ 30ರಿಂದ 40ರ ನಡುವೆ ಸಮತಟ್ಟಾಗಿದ್ದರೆ ಪೋರ್ಟನ್ನು ನೋಡಿ. ಎತ್ತರದಿಂದ ಕುಸಿದರೆ ಅಥವಾ ಸೊನ್ನೆಗೆ ಇಳಿದು ಏರುತ್ತಿದ್ದರೆ ಚಿಪ್ಪು.

ಮೊಬೈಲ್ ಅಂಗಡಿಯಲ್ಲಿ ಟ್ರ್ಯಾಕ್ಟರಿಗೆಂದು ಮಾದಪ್ಪನ ಹಾಡು ಹಾಕಿಸಿಕೊಳ್ಳುವವರ ತೊಂದರೆ ಸ್ವಲ್ಪ ಬೇರೆ. ಅಲ್ಲಿ ಫೈಲುಗಳು ಚಿಕ್ಕವು, ಸಂಖ್ಯೆ ಹೆಚ್ಚು. ಒಂದೊಂದು ಹಾಡಿಗೂ ಡ್ರೈವು ತನ್ನ ಫೈಲುಪಟ್ಟಿಯನ್ನು ಅಲ್ಲಲ್ಲಿ ತಿದ್ದಬೇಕು. ಕಳಪೆ ಚಿಪ್ಪಿಗೆ ಈ ಸಣ್ಣ ತಿದ್ದುಪಡಿಯೇ ದುಬಾರಿ. ಫೈಲೊಂದಕ್ಕೆ ಮೂರನೇ ಒಂದು ಸೆಕೆಂಡು ಹೆಚ್ಚಾದರೂ ಮದುವೆಯ 5000 ಫೋಟೋಗಳಿಗೆ ಸುಮಾರು ಇಪ್ಪತ್ತೆಂಟು ನಿಮಿಷ ಹೆಚ್ಚಾಗುತ್ತದೆ. ಫೋಟೋಗಳನ್ನು ಒಂದು ಜಿಪ್ ಫೈಲು ಮಾಡಿ ಕಾಪಿ ಮಾಡಿದರೆ ಈ ಸಮಯ ಉಳಿಯುತ್ತದೆ. ಹಾಡಿಗೆ ಈ ಉಪಾಯ ನಡೆಯದು, ಟ್ರ್ಯಾಕ್ಟರಿನ ಪ್ಲೇಯರ್ ಜಿಪ್ ಬಿಚ್ಚುವುದಿಲ್ಲ.

ತುಂಬುತ್ತಾ ತುಂಬುತ್ತಾ ಎಲ್ಲೋ ತಪ್ಪು ಬಂದು ನಿಲ್ಲುವ, ಅಥವಾ ಕಾಪಿಯಾದ ವಿಡಿಯೋ ಅರ್ಧದಲ್ಲಿ ಒಡೆಯುವ ಡ್ರೈವಿನ ಬಗ್ಗೆ ಬೇರೆಯೇ ಅನುಮಾನ ಬೇಕು. ಹೊರಗೆ 64 ಜಿಬಿ ಎಂದು ಬರೆದು ಒಳಗೆ ಕಡಿಮೆ ಚಿಪ್ಪು ಇಟ್ಟ ನಕಲಿ ಡ್ರೈವುಗಳಿವೆ. ವಿಂಡೋಸಿನಲ್ಲಿ H2testw, ಲಿನಕ್ಸಿನಲ್ಲಿ f3write ಮತ್ತು f3read ಡ್ರೈವನ್ನು ಪೂರ್ತಿ ತುಂಬಿ, ಬರೆದದ್ದೆಲ್ಲ ಮರಳಿ ಸರಿಯಾಗಿ ಬರುತ್ತದೆಯೇ ಎಂದು ತಾಳೆ ನೋಡುತ್ತವೆ, ಜೊತೆಗೆ ವೇಗವನ್ನೂ ಹೇಳುತ್ತವೆ. 6 ಎಂಬಿಯ ಡ್ರೈವಿನಲ್ಲಿ 64 ಜಿಬಿ ತುಂಬಲೇ ಮೂರು ಗಂಟೆ ಬೇಕು, ಕರೆಂಟು ಹೋದರೂ ನಡೆಯುವ ಲ್ಯಾಪ್‌ಟಾಪಿನಲ್ಲಿ ರಾತ್ರಿ ಹಾಕಿ ಮಲಗಿ. ಒಂದು ಎಂಬಿಯಷ್ಟಾದರೂ ಕಳೆದುಹೋಗಿದೆ ಎಂದು ವರದಿ ಬಂದರೆ ಆ ಡ್ರೈವಿನಲ್ಲಿ ಮದುವೆಯ ವಿಡಿಯೋ ಇಡಬಾರದು.

ಪೋರ್ಟಿನ ದೋಷಕ್ಕೆ ಪರಿಹಾರವಿದೆ: ಜಾಗ ಬದಲಿಸಿ, ಹಬ್ಬು ಬಿಡಿ, ಸಂಪರ್ಕ ಶುಚಿ ಮಾಡಿ. ಕಳಪೆ ಚಿಪ್ಪಿಗೆ ಪರಿಹಾರವಿಲ್ಲ. ಫಾರ್ಮ್ಯಾಟು ಅದನ್ನು ವೇಗಗೊಳಿಸದು, ಡಿಫ್ರ್ಯಾಗ್ ಮಾಡಿದರೆ ಚಿಪ್ಪು ಇನ್ನಷ್ಟು ಸವೆಯುತ್ತದೆ. ಅದನ್ನು ಹಾಡಿಗೆ, ಸಣ್ಣಪುಟ್ಟ ಪಿಡಿಎಫ್‌ಗೆ ಇಟ್ಟುಕೊಳ್ಳಿ. ದೊಡ್ಡ ವಿಡಿಯೋ ಕೆಲಸವಿರುವವರು ಬರೆಯುವ ವೇಗವನ್ನು ಸ್ಪಷ್ಟವಾಗಿ ಅಚ್ಚು ಹಾಕಿದ ಪೆನ್‌ಡ್ರೈವನ್ನೋ ಪೋರ್ಟಬಲ್ ಎಸ್‌ಎಸ್‌ಡಿಯನ್ನೋ ಬಿಲ್ಲಿನ ಸಮೇತ ಕೊಳ್ಳಿ, ಮನೆಗೆ ತಂದ ದಿನವೇ 8 ಜಿಬಿ ಫೈಲು ಹಾಕಿ ಅಳೆಯಿರಿ. ಹೇಳಿದ್ದಕ್ಕಿಂತ ತೀರಾ ಕಡಿಮೆ ಬಂದರೆ, ಬದಲಿಸಿಕೊಳ್ಳುವ ಗಡುವು ಮುಗಿಯುವ ಮೊದಲು ಅಂಗಡಿಗೆ ಹಿಂದಿರುಗಿಸಿ.